ಅರವತ್ತೂ... ಹದಿನಾಲ್ಕು: ಒಂದು ಫ್ರೆಂಚ್ ಮಾತುಕತೆ ಕನ್ನಡಕ್ಕೆ ಬಂದದ್ದು

"ನಾನು ಕೆಲ್ಸಕ್ಕೆ ಸೇರಿದ್ದು 1974ರಲ್ಲಿ." ನನ್ನ ಕೈಗೆ ಬಂದ ಡ್ರಾಫ್ಟಲ್ಲಿ ಹೀಗೊಂದು ಸಾಲಿತ್ತು. ನೋಡ್ಲಿಕ್ಕೆ ಎಂತ ತೊಂದ್ರೆಯೂ ಇಲ್ಲ, ವ್ಯಾಕರಣ ಸರಿ ಉಂಟು, ಇಸವಿ ಉಂಟು, ಪ್ರಿಂಟಿಗೆ ಕಳ್ಸಿದ್ರೆ ಯಾರೂ ಕೇಳುದಿಲ್ಲ. ಆದ್ರೆ ಆಡಿಯೊದಲ್ಲಿ ಆ ಅಜ್ಜ ಹಾಗೆ ಹೇಳ್ಲೇ ಇಲ್ಲ. ಅವ್ರು ಹೇಳಿದ್ದು ಬೇರೆ, ಮತ್ತು ಅದು ಗೊತ್ತಾದದ್ದು ಅವ್ರು ತಡವರಿಸಿದ ಒಂದು ಸದ್ದಿಂದ.

ವಿಷಯ ಎಂತ ಅಂದ್ರೆ, ನನ್ನ ಗೆಳತಿ ಒಬ್ಳು ಹೆಂಚಿನ ಹಿಂದೆ ಬಿದ್ದಿದ್ದಾಳೆ. ನಮ್ಮ ಮಂಗಳೂರು ಹೆಂಚು ಉಂಟಲ್ಲ, 1865ರಲ್ಲಿ ಬಾಸೆಲ್ ಮಿಷನ್‌ನವ್ರು ಜೆಪ್ಪುವಲ್ಲಿ ಕಾರ್ಖಾನೆ ಶುರು ಮಾಡಿದ್ದು, ಅದ್ರ ಒಂದಕ್ಕೊಂದು ಕಚ್ಚಿಕೊಳ್ಳುವ ಡಿಸೈನಿನ ಅಜ್ಜ-ಮುತ್ತಜ್ಜ ಎಲ್ಲ ಇರುದು ಫ್ರಾನ್ಸಲ್ಲಿ. ಅಲ್ಸಾಸ್ ಕಡೆಯ ಜಿಲಾರ್ದೊನಿ ಅಣ್ಣತಮ್ಮಂದಿರು 1841ರಲ್ಲಿ ಅದಕ್ಕೆ ಪೇಟೆಂಟ್ ತಗೊಂಡ್ರು, ಮತ್ತೆ ಅದು ಮಾರ್ಸೆಯ್ ಊರಿನ ಹೆಸ್ರಲ್ಲೇ ಫೇಮಸ್ ಆಯ್ತು, ಯಾಕಂದ್ರೆ ಅಲ್ಲಿ ಲೆಸ್ತಾಕ್ ಕಡೆ ಒಳ್ಳೆ ಆವೆ ಮಣ್ಣು ಉಂಟು, ಪಕ್ಕದಲ್ಲೇ ಬಂದರು ಉಂಟು. ಗೆಳತಿ ಅಲ್ಲಿಗೆ ಹೋಗಿ ಹೆಂಚಿನ ಕಾರ್ಖಾನೆಯಲ್ಲಿ ಕೆಲ್ಸ ಮಾಡಿ ರಿಟೈರ್ ಆದ ಒಬ್ರು ಅಜ್ಜನನ್ನು ಹುಡ್ಕಿ, ಅಲ್ಲಿಯ ಒಬ್ಬ ಕಾಲೇಜು ಹುಡುಗಿಯನ್ನು ಜೊತೆಗೆ ಇಟ್ಕೊಂಡು ಮಾತಾಡಿಸಿ ರೆಕಾರ್ಡ್ ಮಾಡ್ಕೊಂಡು ಬಂದ್ಳು. ಉಡುಪಿಯ ಒಬ್ರು ಸಂಪಾದಕರು ಅದನ್ನು ಕನ್ನಡದಲ್ಲಿ ಹಾಕ್ತೇವೆ ಅಂದ್ರು. ಫ್ರೆಂಚ್ ಗೊತ್ತಿರುವವ್ಳು ನಾನು ಇದ್ದೆ. ಅಡುಗೆಕೋಣೆಯ ಟೇಬಲ್ಲು, ಅಜ್ಜ, ಅಜ್ಜಿ, ಕಾಲೇಜು ಹುಡುಗಿ, ನನ್ನ ಗೆಳತಿ, ನಾಲ್ಕು ಜನ ಒಟ್ಟಿಗೆ ಮಾತು, ನಡುವಲ್ಲಿ ಕಾಫಿ ಲೋಟದ ಸದ್ದು.

ಮೊದ್ಲೇ ಒಂದು ಮಾತು ಹೇಳ್ತೇನೆ. ನೇರ ಕೇಳ್ತಾ ಕನ್ನಡದಲ್ಲಿ ಬರ್ಕೊಂಡು ಹೋಗುದು ಉಂಟಲ್ಲ, ಅದು ಬೇಡ. ಎಷ್ಟೇ ಫ್ರೆಂಚ್ ಗೊತ್ತಿದ್ರೂ ಬೇಡ. ಹಾಗೆ ಮಾಡಿದ್ರೆ ತಲೆ ತನ್ನಷ್ಟಕ್ಕೆ ಸೋಸಿ ಬಿಡ್ತದೆ, ಎಂತ ಸೋಸಿತು ಅಂತ ನಮ್ಗೇ ಗೊತ್ತಾಗುದಿಲ್ಲ. ಮೊದ್ಲು ಫ್ರೆಂಚಲ್ಲೇ, ಕೇಳಿದ್ದನ್ನು ಕೇಳಿದ ಹಾಗೆ, ಪ್ರತಿಯೊಂದು "ಅಹ್", ಅರ್ಧಕ್ಕೆ ಬಿಟ್ಟ ಶಬ್ದ, ಎರಡೆರಡು ಸಲ ಹೇಳಿದ್ದು, ನಗು, ಎಲ್ಲ ಬರೀಬೇಕು. ಅದಾದ್ಮೇಲೆ ಅದನ್ನು ನೋಡಿ ಕನ್ನಡ. ಕೊನೆಗೆ ಆ ಕನ್ನಡವನ್ನು ಓದ್ಲಿಕ್ಕೆ ಆಗುವ ಹಾಗೆ ಮಾಡುದು. ಮೂರು ಹಂತ. ಸಾಮಾನ್ಯ ಒಬ್ರೇ ಮಾತಾಡಿದ ಒಂದು ಗಂಟೆಯ ಆಡಿಯೊದ ಮೊದ್ಲನೇ ಹಂತಕ್ಕೇ ಐದಾರು ಗಂಟೆ ಬೇಕಾಗ್ತದೆ, ಹೀಗೆ ನಾಲ್ಕು ಜನ ಮೇಲೆ ಬಿದ್ದು ಮಾತಾಡಿದ್ರೆ ಅದ್ರ ಎರಡು ಪಟ್ಟು ಅಂತ ಇಟ್ಕೊಳ್ಳಿ. ಮತ್ತೆ ಮಳೆಗಾಲದಲ್ಲಿ ನಮ್ಮೂರಲ್ಲಿ ಹೆಡ್‌ಫೋನ್ ಹಾಕಿದ್ರೂ ಅಷ್ಟೆ, ಜೋರು ಮಳೆ ಹೊಡೆಯುವಾಗ ಈ ಕೆಲ್ಸಕ್ಕೆ ಕೂರ್ಲೇಬಾರ್ದು, ಆಗ ಕೇಳಿಸುದೆಲ್ಲ ನಾವು ಊಹಿಸಿದ್ದು.

ಇನ್ನೊಂದು, ಒರಿಜಿನಲ್ ಫೈಲೇ ಬೇಕು. ಗೆಳತಿ ಮೊದ್ಲು ಫೋನಲ್ಲಿ ಮೆಸೇಜ್ ಮಾಡಿ ಕಳ್ಸಿದ್ಳು, ನಾನು ಕೇಳಿ ನೋಡಿ ಇದಾಗುದಿಲ್ಲ, ಪೆನ್‌ಡ್ರೈವಲ್ಲಿ ತಾ ಅಂದೆ. ಕಂಪ್ರೆಸ್ ಆದ ಆಡಿಯೊದಲ್ಲಿ ಮೊದ್ಲು ಹೋಗುದು "ಸ್" ಸದ್ದು, ಯಾಕಂದ್ರೆ ಅದ್ರ ಜೀವ ಇರುದೇ ಮೇಲಿನ ಫ್ರೀಕ್ವೆನ್ಸಿಯಲ್ಲಿ. ಫ್ರೆಂಚಲ್ಲಿ ಆ ಒಂದು "ಸ್" ಹೋದ್ರೆ ಕಥೆ ಮುಗೀತು. ಮಾತಾಡುವಾಗ ಅವ್ರು ನಿಷೇಧದ "ನ" ಶಬ್ದವನ್ನು ಹೆಚ್ಚಾಗಿ ನುಂಗ್ತಾರೆ, ಪುಸ್ತಕದಲ್ಲಿ ಮಾತ್ರ ಅದು ಇರುದು. ಹಾಗಾಗಿ "ಪ್ಲ್ಯೂಸ್" ಅಂದ್ರೆ ಹೆಚ್ಚು ಇತ್ತು, "ಪ್ಲ್ಯೂ" ಅಂದ್ರೆ ಇರ್ಲೇ ಇಲ್ಲ. ಹೆಂಗಸರು ಹೆಚ್ಚಿದ್ರಾ, ಹೆಂಗಸರು ಇಲ್ಲದೇ ಹೋದ್ರಾ, ಇದು ನಿಂತಿರುದು ಒಂದು "ಸ್" ಮೇಲೆ.

ಈಗ ಆ 1974ಕ್ಕೆ ಬರ್ತೇನೆ.

ಹುಡುಗಿ ಕೇಳ್ತಾಳೆ, ನೀವು ಯಾವಾಗ ಶುರು ಮಾಡಿದ್ದು ಅಂತ. ಅಜ್ಜ ಹೇಳ್ತಾರೆ, "ಜೆ ಕೊಮಾಂಸೆ ಆಂ ಸ್ವಾಸಾಂತಅಅ... ಕಾತೋರ್ಜ್" ಅಷ್ಟರಲ್ಲಿ ಅಜ್ಜಿ ನಗ್ತಾ ಮೇಲೆ ಬೀಳ್ತಾರೆ, "ಮಿನೊ! ಮಿನೊ ಅವ್ರು!" ಅಂತ. ಅಜ್ಜನ ಮಾತಿನ ಬಾಲ ಆ ನಗುವಿನ ಅಡಿಗೆ ಹೋಗಿದೆ. ಸ್ವಾಸಾಂತ್ ಅಂದ್ರೆ ಅರವತ್ತು, ಕಾತೋರ್ಜ್ ಅಂದ್ರೆ ಹದಿನಾಲ್ಕು. ಫ್ರೆಂಚರಿಗೆ ಎಪ್ಪತ್ತಕ್ಕೆ ಬೇರೆ ಶಬ್ದ ಇಲ್ಲ, ಅರವತ್ತು-ಹತ್ತು ಅಂತ ಹೇಳುದು, ಎಪ್ಪತ್ತನಾಲ್ಕು ಅಂದ್ರೆ ಅರವತ್ತು-ಹದಿನಾಲ್ಕು. ಹಾಗಾಗಿ ಮೊದ್ಲು ಟೈಪ್ ಮಾಡಿದವ್ರು ಯಾರೋ 1974 ಅಂತ ಹಾಕಿದ್ದಾರೆ. ಅವ್ರದ್ದೇನೂ ತಪ್ಪಲ್ಲ, ಕೇಳಿದ್ರೆ ಹಾಗೇ ಕೇಳ್ತದೆ.

ಆದ್ರೆ ನಡುವಲ್ಲಿ ಆ "ಅಅ" ಉಂಟಲ್ಲ. ಪ್ಯಾರಿಸ್ ಕಡೆಯವ್ರು ಹೀಗೆ ಹೇಳಿದ್ರೆ ತೊಂದ್ರೆ ಇಲ್ಲ, "ಸ್ವಾಸಾಂತ್" ಅಂತ ತ್ ಅಲ್ಲೇ ನಿಲ್ತದೆ, ಮತ್ತೆ "ಅಹ್" ಅಂತ ಬಂದ್ರೆ ತಡವರಿಸಿದ್ದು ಅಂತ ಗೊತ್ತಾಗ್ತದೆ. ಮಾರ್ಸೆಯ್‌ನವ್ರು ದಕ್ಷಿಣದವ್ರು. ಅವ್ರು ಶಬ್ದದ ಕೊನೆಗೆ ಬರಹದಲ್ಲಿ ಇರುವ ಆ ಸಣ್ಣ ಸ್ವರವನ್ನು ನುಂಗುದಿಲ್ಲ, ಹೇಳ್ತಾರೆ, "ಸ್ವಾಸಾಂತ" ಅಂತಲೇ ಹೇಳುದು. ಈಗ ಆ ಸ್ವರ ಮತ್ತು ತಡವರಿಸುವ "ಅಹ್" ಎರಡೂ ಹತ್ರ ಹತ್ರ ಒಂದೇ ಸದ್ದು. ಒಂದು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಕೇಳುವವ್ರಿಗೆ ಸಿಗುದಿಲ್ಲ. ಅವ್ರು ಎಪ್ಪತ್ತನಾಲ್ಕು ಅಂತ ನಿಧಾನಕ್ಕೆ ಹೇಳಿದ್ದಾ, ಅಥವಾ ಅರವತ್ತು ಅಂತ ಹೇಳಿ, ನಿಂತು, ಹದಿನಾಲ್ಕು ಅಂತ ಬೇರೆ ಎಂತದೋ ಶುರು ಮಾಡಿದ್ದಾ?

ಇಲ್ಲಿ ದಕ್ಷಿಣದವ್ರ ಅದೇ ಅಭ್ಯಾಸ ನನ್ನ ಸಹಾಯಕ್ಕೆ ಬಂತು. ಆ ಕೊನೆಯ ಸಣ್ಣ ಸ್ವರ ಮುಂದೆ ವ್ಯಂಜನ ಬಂದ್ರೆ ಅಥವಾ ಮಾತು ಅಲ್ಲೇ ನಿಂತ್ರೆ ಕೇಳಿಸ್ತದೆ, ಮುಂದೆ ಸ್ವರದಿಂದ ಶುರುವಾಗುವ ಶಬ್ದ ಬಂದ್ರೆ ಬಿದ್ದು ಹೋಗ್ತದೆ. ನಮ್ಮಲ್ಲಿ ಲೋಪಸಂಧಿ ಆಗುದಿಲ್ವಾ, ಊರು ಅನ್ನುದು ಊರಲ್ಲಿ ಆಗುವಾಗ ಉ ಹೋಗ್ತದಲ್ಲ, ಹಾಗೆ. ಅಜ್ಜ ಎಪ್ಪತ್ತನಾಲ್ಕು ಅಂತ ಹೇಳಿ ನಿಲ್ಸಿದ್ರೆ "ಕಾತೋರ್ಜ" ಅಂತ ಆ ಸ್ವರ ಕೇಳ್ಬೇಕಿತ್ತು. ಎಷ್ಟು ಸಲ ಕೇಳಿದ್ರೂ "ಕಾತೋರ್ಜ್" ಅಂತ ಕಡ್ದ ಹಾಗೆ ಉಂಟು, ಸ್ವರ ಇಲ್ಲ. ಅಂದ್ರೆ ಅದ್ರ ಬೆನ್ನಿಗೇ ಸ್ವರದ ಶಬ್ದ ಒಂದು ಇತ್ತು, ಅದು ಅಜ್ಜಿಯ ನಗುವಲ್ಲಿ ಮುಚ್ಚಿ ಹೋಗಿದೆ.

ಮತ್ತೆ ಫೈಲ್ ತೆಗ್ದು ಆಡಾಸಿಟಿ ಅನ್ನುವ ಆಡಿಯೊ ಸಾಫ್ಟ್‌ವೇರಿಗೆ ಹಾಕಿದೆ. ರೆಕಾರ್ಡರ್ ಸ್ಟೀರಿಯೊ ಇದ್ದದ್ದು ಅದೃಷ್ಟ, ಟೇಬಲ್ಲಿನ ಎಡಕ್ಕೆ ಅಜ್ಜ, ಬಲಕ್ಕೆ ಅಜ್ಜಿ. ಸ್ಟೀರಿಯೊ ಟ್ರ್ಯಾಕನ್ನು ಎರಡು ಮಾಡಿ ಬಲಗಡೆಯದ್ದನ್ನು ಮ್ಯೂಟ್ ಮಾಡಿದ್ರೆ ಅಜ್ಜಿ ಪೂರ್ತಿ ಹೋಗುದಿಲ್ಲ, ಆದ್ರೆ ಸ್ವಲ್ಪ ಹಿಂದೆ ಸರೀತಾರೆ. ವೇಗ 70 ಪರ್ಸೆಂಟಿಗೆ ಇಳಿಸಿದೆ. ಅದಕ್ಕಿಂತ ತುಂಬ ಕೆಳಗೆ ಹೋದ್ರೆ ಸದ್ದೇ ಹರ್ದು ಹೋಗ್ತದೆ, ಪ್ರಯೋಜನ ಇಲ್ಲ. ಆಗ ಕೇಳಿತು, "ಕಾತೋರ್ಜಾಂ ಜಾವೆ". ಅಂದ್ರೆ, "ಹದಿನಾಲ್ಕು ವರ್ಷ ನಂಗೆ". ಅಜ್ಜ ಹೇಳಿದ್ದು ಇಷ್ಟು: ನಾನು ಶುರು ಮಾಡಿದ್ದು ಅರವತ್ತರಲ್ಲಿ... ಹದಿನಾಲ್ಕು ವರ್ಷ ಆಗ. ಮಾರ್ಸೆಯ್‌ನಲ್ಲಿ ಮಿನೊ ಅಂದ್ರೆ ಸಣ್ಣ ಹುಡ್ಗ. ಅಜ್ಜಿ ಯಾಕೆ ಹಾಗೆ ನಕ್ಕದ್ದು ಅಂತ ಆಗ ಸರಿ ಕೂತಿತು.

ಆದ್ರೂ ನಂಬ್ಲಿಕ್ಕೆ ಆಗುದಿಲ್ಲ, ಯಾಕಂದ್ರೆ ಒಂದೇ ತುಂಡನ್ನು ತಿರುಗಿಸಿ ತಿರುಗಿಸಿ ಕೇಳಿದ್ರೆ ನಾವು ಎಂತ ಬಯಸ್ತೇವೋ ಅದೇ ಕೇಳಿಸ್ಲಿಕ್ಕೆ ಶುರುವಾಗ್ತದೆ, ಇದು ಈ ಕೆಲ್ಸದ ದೊಡ್ಡ ರೋಗ. ಮಾರ್ಸೆಯ್‌ನ ಪಕ್ಕದಲ್ಲೇ ಎಕ್ಸ್ ಅಂತ ಊರು ಉಂಟು, ಅಲ್ಲಿಯ ಯೂನಿವರ್ಸಿಟಿಯಲ್ಲಿ ಕ್ಲೇರ್ ಬ್ಲಾಂಶ್-ಬೆನ್ವೆನಿಸ್ತ್ ಅನ್ನುವ ಭಾಷಾವಿಜ್ಞಾನಿ ಮತ್ತು ಅವ್ರ ತಂಡದವ್ರು ಆಡುಮಾತಿನ ಫ್ರೆಂಚನ್ನು ಬರೆದಿಡುದು ಹೇಗೆ ಅಂತ ವರ್ಷಗಟ್ಲೆ ತಲೆ ಕೆಡಿಸ್ಕೊಂಡವ್ರು. ಅವ್ರ ಪದ್ಧತಿಯಲ್ಲಿ ಎರಡು ವಿಷಯ ನಂಗೆ ತುಂಬ ಇಷ್ಟ. ಒಂದು, ಮೊದ್ಲ ಬರಹದಲ್ಲಿ ಪೂರ್ಣವಿರಾಮ, ಅಲ್ಪವಿರಾಮ ಯಾವ್ದೂ ಹಾಕ್ಲಿಕ್ಕಿಲ್ಲ, ಯಾಕಂದ್ರೆ ಅದನ್ನು ಹಾಕಿದ ಕೂಡ್ಲೇ ವಾಕ್ಯ ಎಲ್ಲಿ ಮುಗೀತು ಅಂತ ನಾವು ತೀರ್ಮಾನ ಮಾಡಿ ಆಯ್ತು. ಇನ್ನೊಂದು, ಎರಡು ಥರ ಕೇಳಿದ್ರೆ ಎರಡನ್ನೂ ಬರ್ದಿಡುದು, ಒಂದನ್ನು ಆರಿಸ್ಲಿಕ್ಕಿಲ್ಲ. ನಾನೂ ಎರಡನ್ನೂ ಬರ್ದಿಟ್ಟೆ, ಮುಂದೆ ಹೋದೆ.

ಸುಮಾರು ಅರ್ಧ ಗಂಟೆ ಆದ್ಮೇಲೆ ಅಜ್ಜನೇ ಉತ್ತರ ಕೊಟ್ರು. ಅಲ್ಜೀರಿಯಾ ಸ್ವತಂತ್ರ ಆಗುವಾಗ, 1962ರಲ್ಲಿ, ಅಲ್ಲಿಂದ ಫ್ರೆಂಚರು ಹಡಗು ಹಡಗಾಗಿ ಮಾರ್ಸೆಯ್‌ಗೆ ಬಂದು ಇಳಿದ್ರಲ್ಲ, ಆ ಬೇಸಿಗೆಯಲ್ಲಿ ನಾನು ಕಾರ್ಖಾನೆಯ ಅಂಗಳದಿಂದ ಹಡಗು ನೋಡ್ತಿದ್ದೆ ಅಂತ ಹೇಳ್ತಾರೆ. 1974ರಲ್ಲಿ ಸೇರಿದವ್ರು 1962ರಲ್ಲಿ ಅಂಗಳದಲ್ಲಿ ಇರುದು ಹೇಗೆ? ಮತ್ತೆ ಕಾನೂನೂ ಹೊಂದ್ತದೆ. 1936ರ ಕಾನೂನಲ್ಲಿ ಫ್ರಾನ್ಸಲ್ಲಿ ಶಾಲೆ ಕಡ್ಡಾಯ ಇದ್ದದ್ದು ಹದಿನಾಲ್ಕರ ತನಕ. 1959ರಲ್ಲಿ ಅದನ್ನು ಹದಿನಾರು ಮಾಡಿದ್ರು, ಆದ್ರೆ ಅದು ಆವಾಗ ಒಂದನೇ ಕ್ಲಾಸಿಗೆ ಸೇರುವ ಪ್ರಾಯದ ಮಕ್ಕಳಿಂದ ಮುಂದಕ್ಕೆ. ಹಾಗಾಗಿ 1960ರಲ್ಲಿ ಹದಿನಾಲ್ಕಾದ ಹುಡ್ಗ ಶಾಲೆ ಬಿಟ್ಟು ಕೆಲ್ಸಕ್ಕೆ ಹೋಗ್ಬಹುದಿತ್ತು. ಗೆಳತಿ ಆ ಹುಡುಗಿಗೆ ಮೆಸೇಜ್ ಹಾಕಿ ಅಜ್ಜನಲ್ಲೇ ಕೇಳಿಸಿದ್ಳು, 1960 ಅಂತ ಬಂತು. ಕನ್ನಡದಲ್ಲಿ ಈ ಗೊಂದಲವನ್ನು ಉಳಿಸ್ಲಿಕ್ಕೆ ದಾರಿಯೇ ಇಲ್ಲ, ಎಪ್ಪತ್ತನಾಲ್ಕು ನಮ್ಗೆ ಒಂದೇ ಶಬ್ದ, ಹಾಗಾಗಿ ಫ್ರೆಂಚಲ್ಲೇ ಬಿಡಿಸ್ಕೊಂಡು ಬರ್ಬೇಕು. ಕನ್ನಡದಲ್ಲಿ ಹಾಕಿದ್ದು: "ಅರವತ್ತರಲ್ಲಿ ಶುರು ಮಾಡಿದೆ. ಹದಿನಾಲ್ಕು ವರ್ಷ ಆಗ ನಂಗೆ." ಅದ್ರ ಕೆಳಗೆ ಅಜ್ಜಿಯ ಹೆಸ್ರು ಹಾಕಿ, "ಪೋರ! ಪೋರ ಇವ್ರು!"

ಇಷ್ಟು ಆದ್ಮೇಲೆ ನಂಗೆ ಆ "ಅಹ್"ಗಳ ಮೇಲೆ ಭಯಭಕ್ತಿ ಬಂತು ಅಂತ ಅಲ್ಲ. ಹೆಚ್ಚಿನವನ್ನು ನಾನು ಕನ್ನಡದಲ್ಲಿ ತೆಗ್ದೇ ಹಾಕಿದ್ದೇನೆ. ಎದುರು ಕೂತು ಕೇಳುವಾಗ ಕಿವಿ ಅದನ್ನು ಬದಿಗೆ ಸರಿಸ್ತದೆ, ಅಚ್ಚಲ್ಲಿ ಅದೇ ಬಂದ್ರೆ ಆ ಮನುಷ್ಯ ದಡ್ಡ ಅಂತ ಕಾಣ್ತದೆ, ಅದು ಅವ್ರಿಗೆ ಮಾಡುವ ಅನ್ಯಾಯ. ಆದ್ರೆ ತೆಗೆಯುವ ಮೊದ್ಲು ಇದು ಇಲ್ಲಿ ಎಂತ ಕೆಲ್ಸ ಮಾಡ್ತಾ ಉಂಟು ಅಂತ ಒಂದು ಸಲ ಕೇಳ್ಬೇಕು. ಬರೀ ಉಸಿರು ತಗೊಳ್ಳಿಕ್ಕೆ ಇದ್ದದ್ದಾದ್ರೆ ಹೋಗ್ಲಿ. ಹೇಳಿದ ಮಾತನ್ನು ಹಿಂದಕ್ಕೆ ಎಳೀತಾ ಇದ್ರೆ ಮುಟ್ಲಿಕ್ಕಿಲ್ಲ.

ಸಂಬಳದ ವಿಷಯ ನೋಡಿ. ಹುಡುಗಿ ಕೇಳ್ತಾಳೆ, ಸಂಬಳ ಹೇಗಿತ್ತು ಅಂತ. ಅಜ್ಜನ ಉತ್ತರ ಶಬ್ದ ಶಬ್ದವಾಗಿ ಹೀಗುಂಟು: "ಬೆಂ, ಒಳ್ಳೆ ಸಂಬಳ ಸಿಗ್ತಿತ್ತು, ಆಂಫಾಂ, ಸಂಬಳ ಸಿಗ್ತಿತ್ತು, ಕ್ವಾ." ಇದ್ರಲ್ಲಿ ಬೆಂ, ಆಂಫಾಂ, ಕ್ವಾ ಮೂರೂ ಇಲ್ಲಿ ಅರ್ಥ ಇಲ್ಲದ ಹಾಗೆ ಕಾಣುವ ಸಣ್ಣ ಶಬ್ದಗಳು. ಕ್ಲೀನ್ ಮಾಡುವವ್ರು ಮೊದ್ಲು ಇವನ್ನೇ ತೆಗೆಯುದು, ಮತ್ತೆ ಎರಡೆರಡು ಸಲ ಬಂದದ್ದನ್ನು ಒಂದು ಮಾಡುದು, ಉಳಿಯುದು "ಒಳ್ಳೆ ಸಂಬಳ ಸಿಗ್ತಿತ್ತು". ಪೂರಾ ಉಲ್ಟಾ! ಅಜ್ಜ ಹೇಳಿದ್ದು ಸಂಬಳ ಅಂತ ಒಂದು ಸಿಗ್ತಿತ್ತು, ಒಳ್ಳೆದು ಅಂತ ಹೇಳ್ಲಿಕ್ಕೆ ಬಾಯಿ ಬರುದಿಲ್ಲ ಅಂತ. ಆ "ಆಂಫಾಂ" ಬಂದು ಒಳ್ಳೆದು ಅನ್ನುದನ್ನು ವಾಪಾಸ್ ತಗೊಂಡಿತು. ಪುಣ್ಯಕ್ಕೆ ನಮ್ಮಲ್ಲಿ ಇದಕ್ಕೆ ಸರಿಯಾದ್ದು ಉಂಟು, ದಿನಾ ಹೇಳ್ತೇವೆ: "ಸಂಬಳ ಒಳ್ಳೆದಿತ್ತು... ಒಳ್ಳೆದು ಅಂದ್ರೆ, ಇತ್ತು ಅಷ್ಟೆ." "ಅಂದ್ರೆ" ಅಲ್ಲಿ ಆಂಫಾಂನ ಕೆಲ್ಸ ಮಾಡ್ತದೆ, "ಅಷ್ಟೆ" ಕ್ವಾದ ಕೆಲ್ಸ. ಉತ್ತರದ ಮೊದ್ಲಿಗೆ ಬಂದ "ಬೆಂ" ಮಾತ್ರ ಬಿಟ್ಟೆ. ಅದು ನೀವು ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡ್ಲಿಕ್ಕೆ ಸ್ವಲ್ಪ ಕಷ್ಟ ಅಂತ ಸೂಚನೆ ಕೊಡುದು, ಆ ಕಷ್ಟ ವಾಕ್ಯದಲ್ಲೇ ಕಾಣ್ತಾ ಉಂಟಲ್ಲ.

ಸಂಪಾದಕರಿಗೆ ಇದು ಹಿಡಿಸ್ಲಿಲ್ಲ. "ಎಂತ ಮಾರಾಯ್ತಿ, ಓದುವವ್ರು ಎಡವುದಿಲ್ವಾ, ಒಂದು ವಾಕ್ಯ ನೇರ ಬರಿ, ಸಂಬಳ ಅಷ್ಟೇನೂ ಚೆನ್ನಾಗಿರಲಿಲ್ಲ ಅಂತ ಹಾಕು, ಮುಗೀತಲ್ಲ" ಅಂದ್ರು. ನಾನು ಹೇಳಿದೆ, ಸಾರ್, ಅದು ನಾನು ಹೇಳಿದ್ದಾಗ್ತದೆ, ಅಜ್ಜ ಹೇಳಿದ್ದಲ್ಲ. ಅವ್ರು ಕಾರ್ಖಾನೆಯನ್ನು ಬೈಯ್ಲಿಕ್ಕೂ ತಯಾರಿಲ್ಲ, ಹೊಗಳ್ಲಿಕ್ಕೂ ತಯಾರಿಲ್ಲ, ಆ ನಡುವಲ್ಲಿ ನಿಂತದ್ದೇ ಅವ್ರ ಉತ್ತರ. ಸ್ವಲ್ಪ ಹೊತ್ತು ಚರ್ಚೆ ಆಯ್ತು. ಕೊನೆಗೆ ಅವ್ರೇ ಜೋರಾಗಿ ಓದಿ ನೋಡಿದ್ರು, ಕಣ್ಣಿಗೆ ಎಡವಿದ್ದು ಬಾಯಿಗೆ ಎಡವ್ಲಿಲ್ಲ, ಆಗ್ಲಿ ಇರ್ಲಿ ಅಂದ್ರು. ಈ ಜೋರಾಗಿ ಓದುವ ಟೆಸ್ಟ್ ಒಳ್ಳೆದು, ನಾನು ಈಗ ಎಲ್ಲದಕ್ಕೂ ಮಾಡ್ತೇನೆ.

ಅರ್ಧಕ್ಕೆ ಬಿಟ್ಟ ವಾಕ್ಯಗಳು ಇನ್ನೊಂದು ತಲೆನೋವು. ಫ್ರೆಂಚರು ವಾಕ್ಯ ಅರ್ಧಕ್ಕೆ ಬಿಟ್ರೆ ನಮ್ಗೆ ಹೆಚ್ಚು ನಷ್ಟ ಇಲ್ಲ, ಯಾರು, ಎಂತ ಮಾಡಿದ್ರು, ಮಾಡಿದ್ರಾ ಇಲ್ವಾ, ಇದೆಲ್ಲ ಮೊದ್ಲೇ ಬಂದಿರ್ತದೆ, ಹೋಗುದು ಬಾಲ ಮಾತ್ರ. ಕನ್ನಡದಲ್ಲಿ ಕ್ರಿಯಾಪದ ಇರುದೇ ಕೊನೆಗೆ, ಹೌದಾ ಇಲ್ವಾ ಅನ್ನುದೂ ಅದ್ರ ಬಾಲದಲ್ಲೇ. "ನಾನು ಆ ಭಟ್ಟಿ ಒಳಗೆ ಯಾವತ್ತೂ..." ಅಂತ ಬಿಟ್ರೆ ಹೋದ್ರಾ ಹೋಗ್ಲಿಲ್ವಾ? ಅಜ್ಜ ಹೇಳಿದ್ದು "ನಾನು ಒಳಗೆ ಹೋಗುದಿಲ್ಲ ಇನ್ನು, ಆವತ್ತು ಆದ ಆ..." ಅಂತ ಬಿಟ್ಟು ಸುಮ್ಮನಾದದ್ದು, ಆವತ್ತು ಎಂತ ಆಯ್ತು ಅಂತ ಹೇಳ್ಲಿಲ್ಲ. ಪುಸ್ತಕದ ಕನ್ನಡದ ಕ್ರಮದಲ್ಲಿ ಹಾಕಿದ್ರೆ "ಆವತ್ತು ಆದ ಆ... ನಂತರ ನಾನು ಒಳಗೆ ಹೋಗಲಿಲ್ಲ" ಅಂತ ಆಗ್ತದೆ, ಮೌನ ವಾಕ್ಯದ ನಡುವಲ್ಲಿ ಹೋಗಿ ಕೂರ್ತದೆ, ಎಂತದೋ ಶಬ್ದ ಪ್ರಿಂಟಲ್ಲಿ ಬಿಟ್ಟು ಹೋದ ಹಾಗೆ. ಆದ್ರೆ ನಾವು ಮಾತಾಡುವಾಗ ಹಾಗೆ ಮಾತಾಡ್ತೇವಾ? "ಬಂದ್ರು ಅವ್ರು, ನಿನ್ನೆ", "ಹೋಗ್ಲಿಲ್ಲ ನಾನು, ಅದು ಆದ್ಮೇಲೆ", ಕ್ರಿಯಾಪದ ಮೊದ್ಲು ಎಸ್ದು ಉಳಿದದ್ದನ್ನು ಬೆನ್ನಿಗೆ ಕಟ್ಟುದು ನಮ್ಮ ಬಾಯಿಗೆ ಏನೂ ಹೊಸತಲ್ಲ. "ಒಳಗೆ ಹೋಗುದಿಲ್ಲ ನಾನು ಮತ್ತೆ, ಆವತ್ತು ಆ..." ಅಂತ ಹಾಕಿದೆ. ಅದ್ರ ನಂತ್ರದ ಮೌನವನ್ನೂ ಕಂಸದಲ್ಲಿ ಹಾಕಿದೆ, ಯಾಕಂದ್ರೆ ಅದು ಉದ್ದ ಇತ್ತು ಮತ್ತು ಯಾರೂ ನಡುವಲ್ಲಿ ಮಾತಾಡ್ಲಿಲ್ಲ, ಅಜ್ಜಿ ಕೂಡ. ಮೌನದ ಉದ್ದವನ್ನು ಮಾತ್ರ ಯಾವಾಗ್ಲೂ ಸರಿಯಾದ ವೇಗದಲ್ಲೇ ಕೇಳಿ ನೋಡ್ಬೇಕು, ನಿಧಾನ ಮಾಡಿದ ಆಡಿಯೊದಲ್ಲಿ ಎಲ್ಲ ಮೌನವೂ ದೊಡ್ಡ ದುಃಖದ ಹಾಗೆ ಕೇಳ್ತದೆ.

ಕೆಲ್ಸ ಹೇಗೆ ಮಾಡುದು ಅಂತ ಹೇಳುವ ಭಾಗ ಬಂದಾಗ ಮಾತ್ರ ನಂಗೆ ರಜೆ ಸಿಕ್ಕಿದ ಹಾಗಾಯ್ತು. ಅಜ್ಜ ಅಲ್ಲಿ "ನೀನು" ಅಂತ ಶುರು ಮಾಡ್ತಾರೆ, ನೀನು ಹೆಂಚು ತಗೊಳ್ತಿ, ನೀನು ಮಗುಚ್ತಿ, ನೀನು ಅಂಚಲ್ಲಿ ಹೆಚ್ಚಿದ್ದ ಮಣ್ಣು ಕೆರೀತಿ. ಆ ಹುಡುಗಿಯನ್ನು ಅಲ್ಲಿಯ ತನಕ ನೀವು ಅಂತ ಕರೀತಿದ್ದವ್ರು. ಇದೇನು ಸಲುಗೆ ಬಂದದ್ದಲ್ಲ, ಫ್ರೆಂಚರು ಯಾರಾದ್ರೂ ಮಾಡುವ ಕೆಲ್ಸವನ್ನು ಹೇಳುವಾಗ ಹೀಗೆ ನೀನು ಹಾಕ್ತಾರೆ. ಕನ್ನಡದಲ್ಲಿ ನೀನು ಅಂತ ಹಾಕಿದ್ರೆ ಅಜ್ಜ ಹುಡುಗಿಗೆ ಕೆಲ್ಸ ಹೇಳಿದ ಹಾಗೆ ಆಗ್ತದೆ. ನಮ್ಮಲ್ಲಿ ಬೇರೆ ದಾರಿ ಉಂಟಲ್ಲ, ನೀರುದೋಸೆ ಹೇಗೆ ಮಾಡುದು ಅಂತ ಅಮ್ಮ ಹೇಳುವಾಗ ಬರುವ ಅದೇ ರೂಪ: ಹೆಂಚು ತಗೊಳ್ಳುದು, ಮಗುಚುದು, ಅಂಚು ಕೆರೆಯುದು, ಹಲಗೆ ಮೇಲೆ ಇಡುದು. ಯಾರು ಅಂತ ಹೇಳುವ ಅಗತ್ಯವೇ ಇಲ್ಲ. ಆ ಪ್ಯಾರಾ ಒಂದೇ ಕೂತಲ್ಲಿ ಮುಗೀತು.

ಅದ್ರಲ್ಲಿ ಒಂದು ಕಡೆ ಮಾತ್ರ ಸಿಕ್ಕಿ ಬಿದ್ದದ್ದು ಹಲಗೆಯ ಹತ್ರ. ಅಜ್ಜ ಹೇಳುದು "ಸ್ಯುರ್ ಲ, ಸ್ಯುರ್ ಲಾ, ಸ್ಯುರ್ ಯೂನ್ ಎಸ್ಪೆಸ್ ದ ಪ್ಲಾಂಶ್". ಮೊದ್ಲು ಪುಲ್ಲಿಂಗದ ಗುರ್ತು, ಮತ್ತೆ ಸ್ತ್ರೀಲಿಂಗದ್ದು, ಕೊನೆಗೆ ಒಂದು ಥರದ ಹಲಗೆ ಅಂತ. ಅಂದ್ರೆ ಅವ್ರು ಕಾರ್ಖಾನೆಯಲ್ಲಿ ಅದಕ್ಕೆ ಹೇಳ್ತಿದ್ದ ಹೆಸ್ರನ್ನು ಹುಡುಕ್ತಾ ಇದ್ರು, ಅದು ಸಿಗ್ಲಿಲ್ಲ, ಮತ್ತೆ ಸಿಕ್ಕಿದ್ದನ್ನು ಹೇಳಿದ್ರು. ನಮ್ಮ ಹಲಗೆಗೆ ಲಿಂಗದ ಗುರ್ತು ಹಚ್ಚುವ ಕ್ರಮ ಇಲ್ಲದ್ರಿಂದ ಈ ಹುಡುಕಾಟ ಕನ್ನಡದಲ್ಲಿ ಕಾಣುದೇ ಇಲ್ಲ. "ಅದಕ್ಕೊಂದು ಹೆಸ್ರಿತ್ತು, ಮರ್ತು ಹೋಯ್ತು" ಅಂತ ಸೇರಿಸ್ಲಿಕ್ಕೆ ಕೈ ತುರಿಸ್ತದೆ, ಆದ್ರೆ ಅದು ಅವ್ರು ಆಡದ ಮಾತು. "ಅದ್ರ... ಒಂದು ಥರದ ಹಲಗೆ ಮೇಲೆ" ಅಂತ ಬಿಟ್ಟೆ. ಫ್ರೆಂಚ್ ಪ್ರತಿಯಲ್ಲಿ ಮಾತ್ರ ಅಲ್ಲಿ ಗುರ್ತು ಹಾಕಿದ್ದೇನೆ, ಹೆಂಚಿನ ಕಾರ್ಖಾನೆಯ ಪರಿಭಾಷೆ ಹುಡುಕುವವ್ರು ನಾಳೆ ಅದೇ ಜಾಗಕ್ಕೆ ಹೋಗಿ ಕೇಳ್ಬಹುದು.

ಇನ್ನು ಅಜ್ಜಿ. ಈಲಾನ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಉಂಟು, ನೆದರ್‌ಲ್ಯಾಂಡಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವ್ರದ್ದು, ಅದ್ರಲ್ಲಿ ಆಡಿಯೊದ ಅಲೆಯ ಕೆಳಗೆ ಪ್ರತಿಯೊಬ್ರಿಗೂ ಬೇರೆ ಬೇರೆ ಸಾಲು ಹಾಕ್ಲಿಕ್ಕೆ ಆಗ್ತದೆ. ಒಬ್ರ ಮೇಲೆ ಒಬ್ರು ಮಾತಾಡಿದ್ದು ಆಗ ಕಣ್ಣಿಗೆ ಕಾಣ್ತದೆ, ಸಾಲುಗಳು ಒಂದರ ಕೆಳಗೊಂದು ಬಂದಿರ್ತವೆ. ವರ್ಡ್ ಫೈಲಲ್ಲಿ ಟೈಪ್ ಮಾಡಿದ್ರೆ ನಾವು ಯಾರನ್ನೋ ಒಬ್ರನ್ನು ಮೊದ್ಲು, ಇನ್ನೊಬ್ರನ್ನು ಮತ್ತೆ ಹಾಕ್ಲೇಬೇಕು, ಅಲ್ಲೇ ಒಂದು ತೀರ್ಮಾನ ಆಗಿ ಹೋಗ್ತದೆ. ಹೀಗೆ ಸಾಲು ಬೇರೆ ಮಾಡಿದಾಗ ಗೊತ್ತಾದದ್ದು, ಅಜ್ಜಿ ಮೇಲೆ ಬೀಳುದು ಒಂದೇ ಥರ ಅಲ್ಲ. ಹೆಚ್ಚಿನದ್ದು "ವೆ, ವೆ", "ಹ್ಮ್", ನಮ್ಮ ಹಾಂ ಹೂಂ, ಕೇಳ್ತಾ ಇದ್ದೇನೆ ಅಂತ, ಅದನ್ನು ಕನ್ನಡದಲ್ಲಿ ಹಾಕ್ಲೇ ಇಲ್ಲ. ಕೆಲವು ಕಡೆ ಅಜ್ಜನ ವಾಕ್ಯವನ್ನು ಅವ್ರೇ ಮುಗಿಸ್ತಾರೆ, ಅಜ್ಜ "ವಾಲಾ" ಅಂತ ಒಪ್ತಾರೆ, ಅದನ್ನು ಅಜ್ಜನ ಬಾಯಿಗೆ ಸೇರಿಸ್ಬಾರ್ದು, ಅಜ್ಜಿಯ ಹೆಸ್ರಲ್ಲೇ ಇಟ್ಟೆ. ಮೂರನೆಯದ್ದು ಜಗಳ.

ಒದ್ದೆ ಹೆಂಚನ್ನು ಒಣಗಿಸುವ ಕಡೆಗೆ ಸಾಗಿಸುವ ಮಾತು ಬರ್ತದೆ. ಅಜ್ಜ ಹೇಳ್ತಾರೆ "ಓಂ ಪೊರ್ತೆ", ಅಂದ್ರೆ ಹೊರ್ತಿದ್ದೆವು, ಅಥವಾ ಹೊರ್ತಿದ್ರು. ಫ್ರೆಂಚಿನ ಈ "ಓಂ" ಮಹಾ ಕಿಲಾಡಿ, ಮಾತಿನಲ್ಲಿ ಅದಕ್ಕೆ ನಾವು ಅಂತಲೂ ಆಗ್ತದೆ, ಜನ ಅಂತಲೂ ಆಗ್ತದೆ, ಯಾರೋ ಅಂತಲೂ ಆಗ್ತದೆ, ಹೇಳುವವ್ರಿಗೇ ಯಾವ್ದು ಅಂತ ಸ್ಪಷ್ಟ ಇರ್ಬೇಕು ಅಂತ ಇಲ್ಲ. ಕನ್ನಡದಲ್ಲಿ ಕರ್ತೃ ಬಿಟ್ರೂ ಕ್ರಿಯಾಪದ ಬಿಡುದಿಲ್ಲ, ಎವು ಅಥವಾ ಅರು, ಒಂದು ಹೇಳ್ಲೇಬೇಕು. ನಾನು ಮೊದ್ಲ ಕನ್ನಡದಲ್ಲಿ ಎರಡನ್ನೂ ಬರ್ದಿಟ್ಟಿದ್ದೆ. ತೀರ್ಮಾನ ಮಾಡಿದ್ದು ಅಜ್ಜಿ. ಅಜ್ಜನ ವಾಕ್ಯ ಮುಗಿಯುವ ಮೊದ್ಲೇ ಅವ್ರು ಬಿದ್ದು "ಓಂ? ಓಂ?" ಅಂತ ಎರಡು ಸಲ ಹೇಳಿ, ಹೊರ್ತಿದ್ದದ್ದು ನಾವು, ಹೆಂಗಸರು ಅಂತಾರೆ. ಆಗ ಗೊತ್ತಾದದ್ದು, ಅಜ್ಜಿ ಕೂಡ ಅದೇ ಕಾರ್ಖಾನೆಯಲ್ಲಿ ಇದ್ದವ್ರು! ಅಲ್ಲಿಯ ತನಕ ಯಾರೂ ಅವ್ರ ಹತ್ರ ಕೇಳಿಯೇ ಇಲ್ಲ, ಅವ್ರೂ ಹೇಳ್ಲಿಲ್ಲ. ಅವ್ರು ಅಜ್ಜನ ಓಂ ಅನ್ನು ನಾವು ಅಂತ ಹಿಡ್ಕೊಂಡ್ರು, ಹಾಗಾಗಿ ಕನ್ನಡದಲ್ಲೂ ಅಜ್ಜನ ಬಾಯಲ್ಲಿ ನಾವು ಬರ್ಬೇಕು, ಇಲ್ಲದಿದ್ರೆ ಅಜ್ಜಿ ಬೈದದ್ದು ಯಾಕೆ ಅಂತ ಆಗ್ತದೆ.

ಅಜ್ಜ: ಮತ್ತೆ ನಾವು ಅದನ್ನು ಹೊತ್ಕೊಂಡು ಹೋಗಿ...

ಅಜ್ಜಿ: ನಾವಾ? ನಾವಾ? ಹೊರ್ತಿದ್ದದ್ದು ನಾವು, ಹೆಂಗಸರು!

ಅಜ್ಜ: ಹೌದು ಹೌದು, ಹೆಂಗಸರು.

ಆಡಿಯೊದಲ್ಲಿ ಮೊದ್ಲೆರಡು ಮಾತು ಹೆಚ್ಚುಕಮ್ಮಿ ಒಟ್ಟಿಗೇ ಇರುದು. ಕಾಗದದಲ್ಲಿ ಒಟ್ಟಿಗೆ ಇಡ್ಲಿಕ್ಕೆ ಆಗುದಿಲ್ಲ, ಹಾಗಾಗಿ ಅಜ್ಜನ ಮಾತನ್ನು ಅರ್ಥ ಆಗುವಲ್ಲಿಯ ತನಕ ಬಿಟ್ಟು ಅಲ್ಲೇ ಕಡಿದೆ. ಅವ್ರು ಅದ್ರ ನಂತ್ರವೂ ಎರಡು ಮೂರು ಶಬ್ದ ಹೇಳಿದ್ರು, ಯಾರೂ ಕೇಳ್ಲಿಲ್ಲ, ಅಜ್ಜಿಯೂ ಕೇಳ್ಲಿಲ್ಲ, ಸ್ಟೀರಿಯೊ ಬೇರೆ ಮಾಡಿದ್ರೂ ನಂಗೂ ಸಿಗ್ಲಿಲ್ಲ. ಫ್ರೆಂಚ್ ಪ್ರತಿಯಲ್ಲಿ ಅಲ್ಲಿ ಸಮಯ ಬರ್ದು ಕೇಳಿಸುದಿಲ್ಲ ಅಂತ ಹಾಕಿದ್ದೇನೆ.

ಒಂದು ಪ್ರಶ್ನೆ ಎಲ್ರೂ ಕೇಳ್ತಾರೆ, ಅಜ್ಜನ ಬಾಯಲ್ಲಿ ನಮ್ಮ ಮಂಗಳೂರು ಕನ್ನಡ ಹಾಕಿದ್ಯಾ ಅಂತ. ಅರ್ಧ ಹಾಕಿದ್ದೇನೆ. ಮಾತಿನ ಗತಿ, ಕ್ರಿಯಾಪದ ಮುಂದೆ ಬರುದು, ಮಾಡುದು-ಇಡುದು, ಇದೆಲ್ಲ ನಮ್ಮದೇ. ಆದ್ರೆ "ಮಾರಾಯ್ರೆ" ಹಾಕ್ಲಿಲ್ಲ, "ಎಂತ ಸಾವು" ಅಂತ ಹಾಕ್ಲಿಲ್ಲ, ಅಜ್ಜ ಬೊಕ್ಕಪಟ್ಣದಲ್ಲಿ ಹುಟ್ಟಿದ ಹಾಗೆ ಕಂಡ್ರೆ ನಗು ಬರ್ತದೆ, ಮತ್ತೆ ಓದುವವ್ರಿಗೆ ಸಂಶಯವೂ ಬರ್ತದೆ, ಇದು ನಿಜವಾಗಿ ಅವ್ರು ಹೇಳಿದ್ದಾ ಅಂತ. ಭಟ್ಟಿಯ ಹೆದರಿಕೆ ಇರ್ಲಿಲ್ವಾ ಅಂತ ಹುಡುಗಿ ಕೇಳಿದಾಗ ಅಜ್ಜ "ಬೆಂ ಸಿ" ಅಂದ್ರು, ಇಲ್ವಾ ಅಂತ ಕೇಳಿದ್ದಕ್ಕೆ ಇತ್ತು ಅಂತ ತಿರುಗಿಸಿ ಹೇಳ್ಲಿಕ್ಕೆ ಅವ್ರಿಗೆ ಆ "ಸಿ" ಬೇರೆಯೇ ಉಂಟು. ಅಲ್ಲಿ "ಇಲ್ದೆ ಎಂತ" ಅಂತ ಹಾಕಿದೆ. ಅದು ನಮ್ಮ ಕಡೆಯದ್ದೇ, ಆದ್ರೆ ಅದ್ರಷ್ಟು ಸರಿ ಕೂರುದು ಬೇರೆ ಸಿಗ್ಲಿಲ್ಲ. ಬೆಂಗಳೂರಿನ ಒಬ್ರು ಓದಿ ಇದು ಒಂದು ಸಲಕ್ಕೆ ಅರ್ಥ ಆಗ್ಲಿಲ್ಲ ಅಂದ್ರು, ಇರ್ಲಿ ಬಿಡಿ.

ಎಲ್ಲ ಮುಗ್ದು ಸಂಪಾದಕರಿಗೆ ಕಳ್ಸುವಾಗ ಫೈಲಿನ ಮೇಲೆ "ಹೆಂಚಿನ ಕಾರ್ಮಿಕರೊಬ್ಬರ ಜೊತೆ ಮಾತುಕತೆ" ಅಂತ ಗೆಳತಿ ಮೊದ್ಲೇ ಇಟ್ಟ ಹೆಸ್ರು ಹಾಗೇ ಇತ್ತು. ಈಲಾನಲ್ಲಿ ಅಜ್ಜಿಯ ಸಾಲನ್ನು ಮೇಲಿಂದ ಕೆಳಗೆ ತೋರ್ಸಿದೆ ಅವ್ಳಿಗೆ. ಅವ್ಳು ನೋಡಿ, "ಒಬ್ಬರ" ಅನ್ನುದನ್ನು ತೆಗ್ದು "ಇಬ್ಬರ" ಅಂತ ಮಾಡಿದ್ಳು. ಮುಂದಿನ ಸಲ ಅಜ್ಜಿಯನ್ನು ಮಾತ್ರ ಕೂರ್ಸಿ ಕೇಳ್ಲಿಕ್ಕೆ ಆಗ್ತದಾ ಅಂತ ಆ ಹುಡುಗಿಗೆ ಮೆಸೇಜ್ ಹೋಗಿದೆ, ಮೈಕ್ ಅವ್ರ ಹತ್ರ ಇಡ್ಲಿಕ್ಕೆ ಹೇಳು ಅಂತ ನಾನೂ ಒಂದು ಸಾಲು ಸೇರ್ಸಿದ್ದೇನೆ.